ಚೆಲ್ಲಿದ್ದು ಯಾವ ಕೊಡ?

ಪ್ರಶ್ನೆ: ಮಗಳು ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾಳೆ. ನೀರಿಲ್ಲದೆ ನಾಲ್ಕು ದಿನ ಬದುಕೋಕೆ ಆಗಲ್ಲ, ಆದರೂ ಅಗ್ಗ. ವಜ್ರ ಇಲ್ಲದೆ ಇಡೀ ಜೀವಮಾನ ಕಳೆಯಬಹುದು, ಆದರೂ ದುಬಾರಿ. ಯಾಕೆ ಅಂತ ಕೇಳಿದಳು. ‘ವಜ್ರ ಅಪರೂಪ, ಅದಕ್ಕೇ’ ಅಂದೆ. ‘ಅಷ್ಟೇ ಬರೆದರೆ ಮಾರ್ಕ್ಸ್ ಕೊಡಲ್ಲ ಅಪ್ಪ, ಇಳಿಮುಖ ಸೀಮಾಂತ ತುಷ್ಟಿಗುಣ ಅಂತ ಏನೋ ಬರೀಬೇಕು’ ಅಂದಳು. ಅಪರೂಪ ಅಂದರೆ ಸಾಲದೇ ಸರ್?

ಉತ್ತರ: ಮಾರ್ಕ್ಸ್ ವಿಷಯದಲ್ಲಿ ಮಗಳ ಮಾತೇ ಸರಿ. ನಿಮ್ಮ ಉತ್ತರ ತಪ್ಪಲ್ಲ, ಆದರೆ ಅರ್ಧ ದಾರಿಯಲ್ಲಿ ನಿಂತಿದೆ. ಅಪರೂಪವಾದದ್ದೆಲ್ಲ ದುಬಾರಿ ಆಗುವುದಿಲ್ಲ. ನಾನು ಏಳನೇ ಕ್ಲಾಸಿನಲ್ಲಿ ಬರೆದ ಕನ್ನಡ ಕಾಪಿ ಪುಸ್ತಕ ಇಡೀ ಲೋಕದಲ್ಲಿ ಒಂದೇ ಒಂದು ಇದೆ. ವಜ್ರಕ್ಕಿಂತ ಎಷ್ಟೋ ಅಪರೂಪ. ರದ್ದಿಯವನು ಅದನ್ನು ತೂಕಕ್ಕೆ ಹಾಕುತ್ತಾನೆ ಅಷ್ಟೇ.

ಇನ್ನರ್ಧ ದಾರಿಗೆ ಒಂದು ಅಡುಗೆಮನೆ ಸಾಕು.

ನಲ್ಲಿ ಬಾರದ ಒಂದು ದಿನ ಅಂದುಕೊಳ್ಳಿ. ಮನೆಯಲ್ಲಿ ನಾಲ್ಕು ಜನ. ಹಿಂದಿನ ರಾತ್ರಿ ಹತ್ತು ಕೊಡ ತುಂಬಿಸಿ ಸಾಲಾಗಿ ಇಟ್ಟಿದ್ದೀರಿ. ಎಲ್ಲ ಒಂದೇ ನಲ್ಲಿಯ ನೀರು, ಕೊಡಕ್ಕೆ 15 ಲೀಟರ್. ಮನಸ್ಸಿನಲ್ಲೇ ಒಂದು ಲೆಕ್ಕ ಇರುತ್ತದೆ. ಒಂದು ಕೊಡ ಕುಡಿಯೋಕೆ. ಒಂದು ಅಡುಗೆಗೆ. ಒಂದು ಶೌಚಕ್ಕೆ. ಒಂದು ಪಾತ್ರೆಗೆ. ಮೂರು ಕೊಡ ಸ್ನಾನಕ್ಕೆ, ಅದರಲ್ಲೂ ಶಾಲೆಗೆ ಹೋಗುವವರಿಗೆ ಮೊದಲು. ಆಮೇಲೆ ಒಂದು ಬಟ್ಟೆಗೆ, ಒಂದು ನೆಲ ಒರೆಸೋಕೆ. ಕೊನೆಯದು ಕುಂಡದ ಗಿಡಗಳಿಗೆ, ಉಳಿದರೆ ಸ್ಕೂಟರಿಗೆ. ಈ ಸಾಲು ಎಲ್ಲರ ಮನೆಯಲ್ಲೂ ಒಂದೇ ಇರಬೇಕಿಲ್ಲ. ನಮ್ಮ ಅಮ್ಮನ ಲೆಕ್ಕದಲ್ಲಿ ತುಳಸಿಗೆ ಒಂದು ತಂಬಿಗೆ ನೀರು ಅಡುಗೆಗಿಂತ ಮೊದಲು ಬರುತ್ತದೆ. ಅದರ ಬಗ್ಗೆ ಅರ್ಥಶಾಸ್ತ್ರ ತಕರಾರು ತೆಗೆಯುವುದಿಲ್ಲ. ಅವರವರ ಸಾಲು ಅವರವರದು.

ಈಗ ಬೆಳಿಗ್ಗೆ ನಾನು ಎಡವಿ ಒಂದು ಕೊಡ ಚೆಲ್ಲಿಬಿಟ್ಟೆ. ಚೆಲ್ಲಿದ್ದು ಸರಿಯಾಗಿ ಕುಡಿಯುವ ನೀರಿನ ಕೊಡವೇ. ಮನೆಗೆ ಆದ ನಷ್ಟ ಎಷ್ಟು?

‘ಕುಡಿಯುವ ನೀರು ಹೋಯ್ತು’ ಅಂತ ಯಾರಾದರೂ ಬಾಯಾರಿ ಕೂರುತ್ತಾರಾ? ಇಲ್ಲ ಅಲ್ವಾ. ಗಿಡಕ್ಕೆ ಅಂತ ಇಟ್ಟ ಕೊಡವನ್ನು ಕುಡಿಯೋಕೆ ತೆಗೆದುಕೊಳ್ಳುತ್ತಾರೆ. ಗಿಡ ಒಂದು ದಿನ ಒಣಗುತ್ತದೆ. ಬೈಗುಳ ಏನೇ ಬೀಳಲಿ, ನಿಜವಾಗಿ ಹೋಗಿದ್ದು ಗಿಡದ ನೀರು. ಶೌಚದ ಕೊಡ ಚೆಲ್ಲಿದ್ದರೂ ಅಷ್ಟೇ, ಸ್ನಾನದ ಕೊಡ ಚೆಲ್ಲಿದ್ದರೂ ಅಷ್ಟೇ. ಹತ್ತು ಕೊಡ ಇರುವ ಮನೆಯಲ್ಲಿ ಯಾವ ಕೊಡ ಹೋದರೂ ಹತ್ತನೇ ಕೆಲಸ ನಿಲ್ಲುತ್ತದೆ. ಹಾಗಾಗಿ ಆ ದಿನ ಒಂದು ಕೊಡದ ಬೆಲೆ ಅಂದರೆ ಹತ್ತನೇ ಕೆಲಸದ ಬೆಲೆ. ಕುಡಿಯುವ ಕೊಡಕ್ಕೂ ಅದೇ ಬೆಲೆ.

ಇಡೀ ಗುಟ್ಟು ಇಲ್ಲೇ ಇದೆ. ‘ಸೀಮಾಂತ’ ಅಂದರೆ ಸಾಲಿನ ತುದಿಯಲ್ಲಿರುವುದು. ಕೊನೆಯ ಕೊಡದಿಂದ ಸಿಗುವ ತೃಪ್ತಿ ಸೀಮಾಂತ ತುಷ್ಟಿಗುಣ. ಕೊಡಗಳು ಜಾಸ್ತಿ ಆದಂತೆ ತುದಿ ಇನ್ನೂ ಚಿಕ್ಕ ಕೆಲಸಕ್ಕೆ ಇಳಿಯುತ್ತದೆ, ಅದಕ್ಕೇ ‘ಇಳಿಮುಖ’. ಹೊಟ್ಟೆ ತುಂಬಿದ ಮೇಲೆ ಆರನೇ ಹೋಳಿಗೆ ಸೇರುವುದಿಲ್ಲ ಅನ್ನೋದು ಪುಸ್ತಕದ ಮಾಮೂಲಿ ಉದಾಹರಣೆ. ಅದು ಸರಿಯೇ, ಆದರೆ ಅದನ್ನು ಓದಿದವರಿಗೆ ಇದು ಬರೀ ಹೊಟ್ಟೆಯ ವಿಷಯ ಅನ್ನಿಸಿಬಿಡುತ್ತದೆ. ನೀರಿನ ಮಟ್ಟಿಗೆ ಇಳಿಯೋದು ಬಾಯಾರಿಕೆ ಮಾತ್ರ ಅಲ್ಲ, ಕೆಲಸದ ತೂಕ.

ಇದಕ್ಕೆ ಸ್ವಲ್ಪ ಅಂಕಿ ಹಾಕೋಣ. ‘ಈ ಕೆಲಸಕ್ಕೆ ಒಂದು ಕೊಡ ನೀರು ಬೇಕೇ ಬೇಕು ಅಂದರೆ ಎಷ್ಟು ಕೊಡ್ತೀರಿ?’ ಅಂತ ಒಂದೊಂದಕ್ಕೂ ಕೇಳಿದೆವು ಅಂದುಕೊಳ್ಳಿ. ಕುಡಿಯೋಕೆ 500 ರೂಪಾಯಿ. ಅಡುಗೆಗೆ 200, ಶೌಚಕ್ಕೆ 100, ಪಾತ್ರೆಗೆ 60. ಮೂರು ಸ್ನಾನಕ್ಕೆ 40, 25, 15. ಬಟ್ಟೆಗೆ 8, ನೆಲಕ್ಕೆ 4, ಗಿಡಕ್ಕೆ 2. ಎಲ್ಲ ಕೂಡಿಸಿದರೆ 954. ಇದು ಹತ್ತು ಕೊಡದ ಒಟ್ಟು ತುಷ್ಟಿಗುಣ, ರೂಪಾಯಿ ಲೆಕ್ಕದಲ್ಲಿ. ಎಲ್ಲ ಮನೆಗೂ ಹತ್ತತ್ತು ಕೊಡ ಸಿಗುವಷ್ಟು ನೀರಿದ್ದರೆ, ಮಾರುವವನು ಹತ್ತನೇ ಕೊಡಕ್ಕೂ ಗಿರಾಕಿ ಹುಡುಕಬೇಕು. ಅದಕ್ಕೆ ನೀವು 2 ರೂಪಾಯಿಗಿಂತ ಜಾಸ್ತಿ ಕೊಡಲ್ಲ. ದರ 2 ರೂಪಾಯಿಗೆ ನಿಲ್ಲುತ್ತದೆ. ಹತ್ತಕ್ಕೂ ಸೇರಿ ನೀವು ಕೊಟ್ಟಿದ್ದು 20 ರೂಪಾಯಿ. ಸಿಕ್ಕಿದ್ದು 954ರಷ್ಟು. ಉಳಿದ 934 ನಿಮ್ಮ ಜೇಬಿನಲ್ಲೇ ಉಳಿದ ಲಾಭ. ನೀರು ಎಷ್ಟು ಉಪಯೋಗ ಅನ್ನೋದು 954ರಲ್ಲಿದೆ. ನೀರು ಎಷ್ಟು ಅಗ್ಗ ಅನ್ನೋದು 2ರಲ್ಲಿದೆ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದ್ದಕ್ಕೇ ಒಗಟು ಅನ್ನಿಸಿದ್ದು.

ಇಲ್ಲಿ ಚುರುಕಾದ ಹುಡುಗರು ಒಂದು ಪ್ರಶ್ನೆ ಕೇಳುತ್ತಾರೆ. ಮೊದಲ ಕೊಡಕ್ಕೆ 500 ಕೊಡೋಕೆ ನಾನು ತಯಾರಿದ್ದರೆ ಮಾರುವವನು 500 ಯಾಕೆ ತಗೊಳ್ಳಲ್ಲ? ಯಾಕಂದರೆ ಯಾವುದು ಮೊದಲ ಕೊಡ, ಯಾವುದು ಹತ್ತನೆಯದು ಅಂತ ಕೊಡದ ಮೇಲೆ ಬರೆದಿಲ್ಲ. ಅವನು 500 ಅಂದರೆ ಪಕ್ಕದವನ ಹತ್ತಿರ 2 ರೂಪಾಯಿಗೆ ತಗೋತೀರಿ. ಪಕ್ಕದವನೇ ಇಲ್ಲದಿದ್ದರೆ ಕಥೆ ಬೇರೆ. ಮರುಭೂಮಿಯಲ್ಲಿ ಒಬ್ಬನೇ ಒಬ್ಬ, ಅವನ ಹತ್ತಿರ ಒಂದೇ ಬಾಟಲಿ. ಆಗ ಮೊದಲ ಕೊಡವೇ ಕೊನೆಯ ಕೊಡ. ವಜ್ರದ ಉಂಗುರ ಬಿಚ್ಚಿ ಕೊಡುತ್ತೀರಿ.

ಮರುಭೂಮಿವರೆಗೂ ಯಾಕೆ ಹೋಗಬೇಕು, 2024ರ ಬೇಸಿಗೆಯ ಬೆಂಗಳೂರು ಸಾಕು. ಬೋರ್‌ವೆಲ್‌ಗಳು ಬತ್ತಿದ್ದವು. ನಮ್ಮ ಬೀದಿಗೆ ಬರುತ್ತಿದ್ದ ಟ್ಯಾಂಕರಿನವರು ಒಂದು ವಾರ ಹೇಳಿದ ದರ ಮುಂದಿನ ವಾರಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಒಂದು ದಿನ 12,000 ಲೀಟರಿಗೆ 2,000 ರೂಪಾಯಿ ಕೇಳಿದರು, ಅದೂ ರಾತ್ರಿ ಹನ್ನೊಂದಕ್ಕೆ ಬರ್ತೀವಿ ಅಂದರು. ಮಾರ್ಚಿನಲ್ಲಿ ಜಿಲ್ಲಾಡಳಿತ ದರ ಕಟ್ಟಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ನಮ್ಮ 15 ಲೀಟರಿನ ಕೊಡದ ಲೆಕ್ಕಕ್ಕೆ ತಂದರೆ ಕೊಡಕ್ಕೆ ಒಂದೂಕಾಲು ರೂಪಾಯಿ. ಆಗ ಜಲಮಂಡಳಿಯ ಕಾವೇರಿ ನೀರಿಗೆ ಮನೆಗಳ ಕೆಳಗಿನ ದರ 1,000 ಲೀಟರಿಗೆ 7 ರೂಪಾಯಿ, ಅಂದರೆ ಕೊಡಕ್ಕೆ ಹತ್ತು ಪೈಸೆ. ಕಾವೇರಿ ದರವನ್ನು ನಾನು ಪುರಾವೆಯಾಗಿ ಬಳಸುವುದಿಲ್ಲ. ಅದು ಸರ್ಕಾರ ಒಪ್ಪಿದ ದರ, ಸಂತೆಯಲ್ಲಿ ನಿಂತ ದರ ಅಲ್ಲ. ಜಿಲ್ಲಾಡಳಿತ ಕಟ್ಟುವ ಮುಂಚಿನ ಟ್ಯಾಂಕರ್ ದರ ಹಾಗಲ್ಲ. ನೀರಿನ ಗುಣ ಒಂದು ಹನಿಯೂ ಬದಲಾಗಿರಲಿಲ್ಲ. ಬದಲಾಗಿದ್ದು ಎಷ್ಟು ಕೊಡ ಸಿಗುತ್ತೆ ಅನ್ನೋದು.

ಅದೇ ತಿಂಗಳು ಜಲಮಂಡಳಿ ಇನ್ನೊಂದು ಆದೇಶ ಹೊರಡಿಸಿತು. ಕುಡಿಯುವ ನೀರನ್ನು ಕಾರು ತೊಳೆಯೋಕೆ, ಕೈತೋಟಕ್ಕೆ, ಕಾರಂಜಿಗೆ, ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ. ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಅರ್ಥಶಾಸ್ತ್ರದ ಮೇಷ್ಟ್ರಿಗೆ ಅದು ಸಾಲಿನ ತುದಿಯ ಪಟ್ಟಿ. ಎಂಟು, ಒಂಬತ್ತು, ಹತ್ತನೇ ಕೊಡಗಳ ಹೆಸರುಗಳು. ನಮ್ಮ ಬೀದಿಯಲ್ಲೂ ಆದದ್ದು ಅದೇ. ಮೊದಲು ಕಾರು ತೊಳೆಯುವುದು ನಿಂತಿತು, ಆಮೇಲೆ ಗೇಟಿನ ಮುಂದೆ ನೀರು ಹಾಕುವುದು, ಆಮೇಲೆ ದಿನಾ ನೆಲ ಒರೆಸುವುದು. ಕುಡಿಯುವುದನ್ನು ಯಾರೂ ಕಡಿಮೆ ಮಾಡಲಿಲ್ಲ. ಬೆಲೆ ಏರಿದಾಗ ಜನ ಸಾಲಿನ ತುದಿಯಿಂದ ಕತ್ತರಿಸುತ್ತಾ ಬರುತ್ತಾರೆ. ಮೇಲಿನ ಲೆಕ್ಕದ ಮನೆಯಲ್ಲಿ ಕೊಡದ ದರ 2ರಿಂದ 20ಕ್ಕೆ ಏರಿದರೆ ಆರು ಕೊಡ ಕೊಂಡು ನಿಲ್ಲಿಸುತ್ತಾರೆ. ಆರನೆಯದು 25ರ ಕೆಲಸ, ಕೊಳ್ಳಬಹುದು. ಏಳನೆಯದು 15ರ ಕೆಲಸ, 20 ಕೊಡೋದು ಯಾಕೆ? ಮೂರನೇ ಸ್ನಾನ ನಾಳೆಗೆ.

ಈಗ ವಜ್ರಕ್ಕೆ ಬರೋಣ. ವಜ್ರಕ್ಕೂ ಇಂಥದೇ ಒಂದು ಸಾಲು ಇದೆ. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಮದುವೆಯ ಉಂಗುರ, ಮೂಗುತಿ, ಓಲೆ ಸಾಲಿನ ತಲೆಯಲ್ಲಿ. ಆಮೇಲೆ ಕೈಗಡಿಯಾರದ ಸುತ್ತ ಹರಳು. ಇನ್ನೂ ಕೆಳಗೆ ಹೋದರೆ ಕಲ್ಲು ಕೊಯ್ಯುವ ಬ್ಲೇಡಿನ ಹಲ್ಲು, ಉಜ್ಜುವ ಪುಡಿ. ನೀರಿನ ಸಾಲು ಜೀವದಿಂದ ಶುರುವಾಗಿ ಸ್ಕೂಟರಿನವರೆಗೆ ಬರುತ್ತದೆ. ವಜ್ರದ ಸಾಲು ಶುರುವಾಗುವುದೇ ತುಂಬ ಕೆಳಗೆ, ಶೋಕಿಯಿಂದ. ಆದರೆ ಆಭರಣಕ್ಕೆ ಬರುವ ನೈಸರ್ಗಿಕ ವಜ್ರ ಎಷ್ಟು ಕಡಿಮೆ ಅಂದರೆ ಅದರ ಸಾಲು ಎರಡನೇ ಮೂರನೇ ಮೆಟ್ಟಿಲಲ್ಲೇ ಮುಗಿದುಹೋಗುತ್ತದೆ. ನೀರಿನದು ಹತ್ತನೇ ಮೆಟ್ಟಿಲು ದಾಟಿ ಚರಂಡಿಗೂ ಹರಿಯುತ್ತದೆ. ನೀರಿನ ಹತ್ತನೇ ಮೆಟ್ಟಿಲಿಗಿಂತ ವಜ್ರದ ಎರಡನೇ ಮೆಟ್ಟಿಲು ಎತ್ತರದಲ್ಲಿದೆ. ಹೋಲಿಕೆ ಇಷ್ಟೇ.

ವಜ್ರವೂ ಹತ್ತನೇ ಮೆಟ್ಟಿಲಿಗೆ ಇಳಿದರೆ ಏನಾಗುತ್ತೆ ಅಂತ ಊಹೆ ಮಾಡಬೇಕಿಲ್ಲ, ಇಳಿದಿದೆ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೃತಕ ವಜ್ರ ಮಾಡಿದರು. ಈಗ ಯಂತ್ರಗಳಿಗೆ ಬೇಕಾದ ವಜ್ರದ ಪುಡಿ ರಾಶಿ ರಾಶಿ ತಯಾರಾಗುತ್ತದೆ. ನಮ್ಮಲ್ಲಿ ಗ್ರಾನೈಟ್ ಕೊಯ್ಯುವ ಕಡೆ ಹೋಗಿ ನೋಡಿ, ಬ್ಲೇಡಿನ ಅಂಚಿನಲ್ಲಿ ಇರುವುದು ವಜ್ರವೇ. ಸವೆದ ಬ್ಲೇಡನ್ನು ಯಾರೂ ತಿಜೋರಿಯಲ್ಲಿ ಇಡುವುದಿಲ್ಲ. ಆಭರಣದ ವಜ್ರದಲ್ಲೂ ಅದೇ ಕಥೆ ಶುರುವಾಗಿದೆ. ಲ್ಯಾಬಿನಲ್ಲಿ ಬೆಳೆಸಿದ ವಜ್ರಕ್ಕೆ ಅದೇ ಇಂಗಾಲ, ಅದೇ ಗಡಸುತನ, ಅದೇ ಹೊಳಪು. ಎಷ್ಟು ಬೇಕಾದರೂ ಮಾಡಬಹುದು ಅಂತಾದ ಮೇಲೆ ಅದರ ದರ ಕೆಲವೇ ವರ್ಷಗಳಲ್ಲಿ ನೈಸರ್ಗಿಕ ವಜ್ರದ ದರಕ್ಕಿಂತ ತೀರಾ ಕೆಳಗೆ ಬಂತು. ಹೊಳಪು ಕಡಿಮೆಯಾಗಲಿಲ್ಲ, ಸಾಲು ಉದ್ದವಾಯಿತು.

ಈ ಇಳಿತವನ್ನು ವಜ್ರದ ವ್ಯಾಪಾರಿಗಳು ನೂರೈವತ್ತು ವರ್ಷದ ಹಿಂದೆಯೇ ಕಂಡು ಹೆದರಿದ್ದರು. 1867ರಲ್ಲಿ ದಕ್ಷಿಣ ಆಫ್ರಿಕದ ಹೋಪ್‌ಟೌನ್ ಹತ್ತಿರ ಎರಾಸ್ಮಸ್ ಜೇಕಬ್ಸ್ ಅನ್ನುವ ಹುಡುಗನಿಗೆ ಹೊಳೆ ಕಡೆ ಒಂದು ಹೊಳೆಯುವ ಕಲ್ಲು ಸಿಕ್ಕಿತು. ಮನೆಯ ಮಕ್ಕಳು ಅದನ್ನು ಆಟದ ಕಲ್ಲು ಮಾಡಿಕೊಂಡಿದ್ದರು. ಅದು 21 ಕ್ಯಾರೆಟ್ ದಾಟಿದ ವಜ್ರ. ಅಲ್ಲಿಂದ ಕೆಲವೇ ವರ್ಷದಲ್ಲಿ ಕಿಂಬರ್ಲಿಯ ನೆಲವನ್ನು ಸಾವಿರಾರು ಜನ ಅಗೆಯತೊಡಗಿದರು. ಅದುವರೆಗೆ ಗೋಲ್ಕೊಂಡ, ಬ್ರೆಜಿಲ್‌ನಿಂದ ಬರುತ್ತಿದ್ದ ಪ್ರಮಾಣಕ್ಕೆ ಹೋಲಿಸಿದರೆ ಇದು ಪ್ರವಾಹ. ಒಬ್ಬೊಬ್ಬರೂ ಸಿಕ್ಕಿದ್ದೆಲ್ಲ ಮಾರುತ್ತಾ ಹೋದರೆ ದರ ಕುಸಿಯುತ್ತದೆ ಅಂತ ಅಲ್ಲಿ ಗಣಿ ವ್ಯವಹಾರ ಮಾಡುತ್ತಿದ್ದ ಇಂಗ್ಲಿಷ್ ಉದ್ಯಮಿ ಸೆಸಿಲ್ ರೋಡ್ಸ್‌ಗೆ ಅರ್ಥವಾಯಿತು. ಗಣಿಗಳನ್ನು ಒಂದೊಂದಾಗಿ ಕೊಂಡು 1888ರಲ್ಲಿ ಡಿ ಬಿಯರ್ಸ್ ಅಡಿಯಲ್ಲಿ ಒಗ್ಗೂಡಿಸಿದ. ಆಮೇಲೆ ಸುಮಾರು ನೂರು ವರ್ಷ ಆ ಕಂಪನಿ ಮುಖ್ಯವಾಗಿ ಮಾಡಿದ ಕೆಲಸ ಮಾರುಕಟ್ಟೆಗೆ ಬರುವ ಕಲ್ಲಿನ ಲೆಕ್ಕ ಹಿಡಿಯುವುದು. ಸಾಲು ಕೆಳಗಿನ ಮೆಟ್ಟಿಲಿಗೆ ಇಳಿಯದಂತೆ ತಡೆಯುವುದು. ಜೊತೆಗೆ ಜಾಹೀರಾತು ಮಾಡಿ ಮೇಲಿನ ಮೆಟ್ಟಿಲನ್ನು ಇನ್ನೂ ಎತ್ತರಿಸಿದರು, ಅದು ಬೇರೆ ಕಥೆ.

ಆ ಹುಡುಗನ ಕಲ್ಲು ಇನ್ನೊಂದು ಹಳೇ ಉತ್ತರವನ್ನೂ ಬೀಳಿಸುತ್ತದೆ. ವಜ್ರ ತೆಗೆಯೋಕೆ ಕಷ್ಟ, ಅದಕ್ಕೆ ದುಬಾರಿ ಅಂತ ಹೇಳುವವರಿದ್ದಾರೆ. ಅವನು ಪಟ್ಟ ಕಷ್ಟ ಏನು? ಬಗ್ಗಿ ಎತ್ತಿದ್ದು. ಹಾಗಂತ ಆ ಕಲ್ಲು ಅಗ್ಗವಾಗಲಿಲ್ಲ. ರಿಚರ್ಡ್ ವೇಟ್ಲಿ ಅನ್ನುವ ಇಂಗ್ಲಿಷ್ ಪಾದ್ರಿ, ಅರ್ಥಶಾಸ್ತ್ರದ ಮೇಷ್ಟ್ರೂ ಹೌದು, 1830ರ ದಶಕದ ಮೊದಲಲ್ಲೇ ಮುತ್ತಿನ ವಿಷಯದಲ್ಲಿ ಇದನ್ನು ಹೇಳಿದ್ದ. ಜನ ಮುಳುಗಿ ತೆಗೆದರು ಅಂತ ಮುತ್ತಿಗೆ ಬೆಲೆ ಬರಲಿಲ್ಲ, ಬೆಲೆ ಇದೆ ಅಂತ ಜನ ಮುಳುಗಿದರು ಅಂತ. ಖರ್ಚಿಗೆ ಕೆಲಸವೇ ಇಲ್ಲ ಅಂತಲ್ಲ. ಖರ್ಚು ಜಾಸ್ತಿ ಆದರೆ ಕಡಿಮೆ ಜನ ತೆಗೆಯುತ್ತಾರೆ, ಸಾಲು ಮೋಟಾಗುತ್ತದೆ, ತುದಿ ಎತ್ತರದಲ್ಲಿ ನಿಲ್ಲುತ್ತದೆ. ಖರ್ಚು ಬೆಲೆಗೆ ತಾಗುವುದು ಹೀಗೆ ಸುತ್ತು ದಾರಿಯಲ್ಲಿ.

ಮಗಳ ಪುಸ್ತಕದಲ್ಲಿ ಆಡಂ ಸ್ಮಿತ್ ಹೆಸರು ಇದ್ದೇ ಇರುತ್ತದೆ. 1776ರ ತನ್ನ ಪುಸ್ತಕದಲ್ಲಿ ಅವನು ಬಳಕೆ ಮೌಲ್ಯ, ವಿನಿಮಯ ಮೌಲ್ಯ ಅಂತ ಎರಡನ್ನು ಬೇರೆ ಮಾಡಿ, ಉದಾಹರಣೆಗೆ ನೀರು ಮತ್ತು ವಜ್ರ ಕೊಟ್ಟ. ಅವನಿಗೆ ಉತ್ತರವೇ ತೋಚಲಿಲ್ಲ ಅಂತ ಬರೆಯುವುದು ಸ್ವಲ್ಪ ಅನ್ಯಾಯ. ಅದೇ ಪುಸ್ತಕದಲ್ಲಿ ಮುಂದೆ ರತ್ನಗಳ ಬೆಲೆಗೆ ಚೆಲುವು, ಅಪರೂಪ ಎರಡನ್ನೂ ಕಾರಣ ಕೊಡುತ್ತಾನೆ. ಅಂದರೆ ನೀವು ನಿಂತ ಜಾಗದಲ್ಲೇ ಅವನೂ ನಿಂತಿದ್ದ. ಅವನ ಹತ್ತಿರ ಇಲ್ಲದಿದ್ದದ್ದು ‘ಕೊನೆಯ ಕೊಡ’. ಅದನ್ನು 1871ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟಾನ್ಲಿ ಜೆವನ್ಸ್ ಮತ್ತು ವಿಯೆನ್ನಾದ ಕಾರ್ಲ್ ಮೆಂಗರ್ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ವರ್ಷ ಬರೆದರು. ಮೂರು ವರ್ಷದ ಮೇಲೆ ಫ್ರಾನ್ಸಿನ ಲಿಯೋನ್ ವಾಲ್ರಾ ಬರೆದ. ಅವರಿಗೂ ಮೊದಲು, 1854ರಲ್ಲಿ, ಹರ್ಮನ್ ಗಾಸೆನ್ ಅನ್ನುವ ಜರ್ಮನ್ ಇದನ್ನೆಲ್ಲ ಬರೆದಿಟ್ಟಿದ್ದ. ಪುಸ್ತಕ ಹೆಚ್ಚು ಜನ ಕೊಳ್ಳಲಿಲ್ಲ. ಅಪರೂಪದ ಪುಸ್ತಕ, ಬೆಲೆ ಇಲ್ಲ! ನಾನು ಹೇಳಿದ ಕೊಡದ ಲೆಕ್ಕದ ದೊಡ್ಡಪ್ಪ ಆಸ್ಟ್ರಿಯದ ಬೋಮ್ ಬಾವೆರ್ಕ್ ಹೇಳಿದ ರೈತನ ಐದು ಮೂಟೆ ಧಾನ್ಯದ ಕಥೆ. ಅವನ ರೈತ ಐದನೇ ಮೂಟೆಯನ್ನು ಗಿಳಿಗಳಿಗೆ ತಿನ್ನಿಸುತ್ತಾನೆ. ಒಂದು ಮೂಟೆ ಹೋದರೆ ಗಿಳಿಗಳು ಉಪವಾಸ, ರೈತ ಅಲ್ಲ.

ಇನ್ನು ಈ ವಿವರಣೆ ಎಲ್ಲಿ ಕೈಕೊಡುತ್ತದೆ ಅಂತಲೂ ಗೊತ್ತಿರಲಿ.

ಕೊಡಗಳು ಒಂದರ ಜಾಗಕ್ಕೆ ಒಂದು ಬರುವಂತಿರಬೇಕು. ಗಿಡದ ಕೊಡದಲ್ಲಿ ಇದ್ದದ್ದು ಉಪ್ಪುಪ್ಪು ಬೋರ್‌ವೆಲ್ ನೀರಾಗಿದ್ದರೆ, ಚೆಲ್ಲಿದ ಕುಡಿಯುವ ನೀರಿನ ಜಾಗಕ್ಕೆ ಅದು ಬರೋದಿಲ್ಲ. ಆಗ ಅವು ಎರಡು ಬೇರೆ ಸರಕು, ಎರಡು ಬೇರೆ ಸಾಲು. 20 ಲೀಟರ್ ಕ್ಯಾನಿಗೆ ಟ್ಯಾಂಕರ್ ನೀರಿಗಿಂತ ಎಷ್ಟೋ ಪಟ್ಟು ಜಾಸ್ತಿ ಕೊಡೋದಕ್ಕೆ ಇದೂ ಒಂದು ಕಾರಣ.

ಹಾಗೇ ಒಂದು ಮಟ್ಟದವರೆಗೆ ತೃಪ್ತಿ ಏರುತ್ತಲೂ ಹೋಗಬಹುದು. ಅರ್ಧ ಚೊಂಬು ನೀರಿನಲ್ಲಿ ಸ್ನಾನ ಆಗಲ್ಲ, ಬಕೆಟ್ ತುಂಬುವವರೆಗೆ ಪ್ರತಿ ಚೊಂಬಿಗೂ ಬೆಲೆ ಏರುತ್ತದೆ. ಅದಕ್ಕೇ ಕೆಲಸಕ್ಕೆ ಒಪ್ಪುವ ಅಳತೆ ಹಿಡಿಯಬೇಕು, ಲೆಕ್ಕ ಒಂದೇ ದಿನದ್ದಾಗಿರಬೇಕು. ಇವತ್ತು ಹತ್ತು ಕೊಡ, ನಾಳೆ ಮತ್ತೆ ಬಾಯಾರಿಕೆ, ಆದ್ದರಿಂದ ನಿಯಮ ಸುಳ್ಳು ಅಂತ ಕೆಲವರು ವಾದಿಸುತ್ತಾರೆ. ನಾಳೆಯದು ಹೊಸ ಸಾಲು.

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಒಂದು ಕಡೆ. ಇಬ್ಬರೂ ಒಂದೇ ದರ ಕೊಟ್ಟರು ಅಂದರೆ ಇಬ್ಬರಿಗೂ ಸಿಕ್ಕ ತೃಪ್ತಿ ಒಂದೇ ಅಂತ ತಿಳಿಯುತ್ತಾರೆ. ರೂಪಾಯಿಗೂ ಇಳಿಮುಖ ಇದೆ. ಹತ್ತು ಸಾವಿರ ದುಡಿಯುವವರ ನೂರು ರೂಪಾಯಿ, ಎರಡು ಲಕ್ಷ ದುಡಿಯುವವರ ನೂರು ರೂಪಾಯಿ ಒಂದೇ ತೂಕದ್ದಲ್ಲ. 2024ರ ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಟ್ಯಾಂಕರ್ ದರ ಎಲ್ಲರಿಗೂ ಒಂದೇ ಇತ್ತು. ದೊಡ್ಡ ಮನೆಯವರು ಅದನ್ನು ಕೊಟ್ಟು, ದಂಡದ ಆದೇಶ ಬರುವವರೆಗೂ, ಹುಲ್ಲುಹಾಸಿಗೆ ನೀರು ಬಿಟ್ಟರು. ಹಿಂದಿನ ಗಲ್ಲಿಯ ವಠಾರದ ಆರು ಮನೆಯವರು ಅದನ್ನೇ ಪಾಲು ಹಾಕಿಕೊಂಡು ಕೊಟ್ಟು, ಪಾತ್ರೆ ತೊಳೆದ ನೀರನ್ನು ಶೌಚಕ್ಕೆ ಎತ್ತಿಟ್ಟುಕೊಂಡರು. ಅಲ್ಲಿ ಹತ್ತನೇ ಕೊಡ, ಇಲ್ಲಿ ಮೂರನೇ ಕೊಡ, ದರ ಒಂದೇ. ಮಾರುಕಟ್ಟೆಯ ದರ ಯಾಕೆ ಅಷ್ಟಿತ್ತು ಅನ್ನೋದನ್ನು ಸೀಮಾಂತ ತುಷ್ಟಿಗುಣ ಹೇಳುತ್ತದೆ. ನೀರು ಯಾರ ಮನೆಗೆ ಹೋಗಬೇಕಿತ್ತು ಅನ್ನೋದಕ್ಕೆ ಅದರ ಹತ್ತಿರ ಉತ್ತರ ಇಲ್ಲ.